ನಾಲ್ಕು ವಾರಕ್ಕೊಂದು ತಿಂಗಳು ಅಂತ ಹೇಳಿದವರು ಯಾರು?

ವಾರಕ್ಕೆ 3,000 ರೂಪಾಯಿ ಕೂಲಿ ಅಂದರೆ ತಿಂಗಳಿಗೆ ಎಷ್ಟು? ನಿಮ್ಮೂರಿನ ಹೋಟೆಲ್ ಮುಂದೆ ಕೂತ ಹತ್ತು ಜನರನ್ನು ಕೇಳಿ ನೋಡಿ. ಒಂಬತ್ತು ಜನ ತಟಕ್ಕನೆ "ಹನ್ನೆರಡು ಸಾವಿರ" ಅನ್ನುತ್ತಾರೆ. ಮಾಲೀಕನೂ ಅದನ್ನೇ ಹೇಳುತ್ತಾನೆ, ಮೇಸ್ತ್ರಿಯೂ ಅದನ್ನೇ ಹೇಳುತ್ತಾನೆ, ಅರ್ಜಿ ಟೈಪ್ ಮಾಡುವ ಹುಡುಗನೂ ಅದನ್ನೇ ಒತ್ತುತ್ತಾನೆ. ಕೊನೆಗೆ ಕೂಲಿ ಮಾಡುವವನೂ ಅದನ್ನೇ ಹೇಳುತ್ತಾನೆ. ನನಗೆ ಸಿಟ್ಟು ಬರುವುದು ಇಲ್ಲಿ. ಎಲ್ಲರೂ ಸೇರಿ ಹೇಳಿದ ಮಾತ್ರಕ್ಕೆ ತಪ್ಪು ಲೆಕ್ಕ ಸರಿಯಾಗುವುದಿಲ್ಲ. ಸರಿಯಾದ ಉತ್ತರ 13,000.

ನಂಬಿಕೆ ಬರದಿದ್ದರೆ ಗೋಡೆಗೆ ನೇತುಹಾಕಿದ ಕ್ಯಾಲೆಂಡರ್ ಇಳಿಸಿಕೊಳ್ಳಿ. 2026ರ ಶನಿವಾರಗಳನ್ನು ಎಣಿಸಿ. ಜನವರಿಯಲ್ಲಿ 3, 10, 17, 24, 31 ಅಂತ ಐದು ಶನಿವಾರ ಬರುತ್ತವೆ. ಫೆಬ್ರವರಿ, ಮಾರ್ಚ್, ಏಪ್ರಿಲ್‌ನಲ್ಲಿ ನಾಲ್ಕು ನಾಲ್ಕು. ಮೇ ತಿಂಗಳಲ್ಲಿ ಮತ್ತೆ ಐದು. ಆಗಸ್ಟ್‌ನಲ್ಲಿ ಐದು, ಅಕ್ಟೋಬರ್‌ನಲ್ಲಿ ಐದು. ಒಟ್ಟು ಎಣಿಸಿದರೆ 52 ಶನಿವಾರ, ಅಂದರೆ 52 ಬಟವಾಡೆ. ತಿಂಗಳಿಗೆ ನಾಲ್ಕೇ ಅಂತ ಹಿಡಿದರೆ ಹನ್ನೆರಡು ತಿಂಗಳಿಗೆ 48 ಆಗುತ್ತದೆ. ಉಳಿದ ನಾಲ್ಕು ಬಟವಾಡೆ ಎಲ್ಲಿ ಹೋದವು? ಆ ಐದನೇ ಶನಿವಾರಗಳೂ ಬಿಸಿಲಲ್ಲಿ ಕಳೆದ ದಿನಗಳೇ ತಾನೇ?

ಸರಿಯಾಗಿ ನಾಲ್ಕು ವಾರ ಇರುವ ತಿಂಗಳು ವರ್ಷದಲ್ಲಿ ಒಂದೇ ಒಂದು, ಫೆಬ್ರವರಿ. ಅದೂ 29 ದಿನ ಬರದ ವರ್ಷದಲ್ಲಿ ಮಾತ್ರ. ಬೇರೆ ಎಲ್ಲ ತಿಂಗಳಿಗೂ ನಾಲ್ಕು ವಾರದ ಮೇಲೆ ಎರಡೋ ಮೂರೋ ದಿನ ಹೆಚ್ಚಿಗೆ ಇರುತ್ತವೆ. ನಾಲ್ಕು ವಾರದ ಲೆಕ್ಕ ಹೇಳುವವರು ವರ್ಷದ ಹನ್ನೆರಡೂ ತಿಂಗಳನ್ನು ಫೆಬ್ರವರಿ ಮಾಡಿಬಿಟ್ಟಿದ್ದಾರೆ.

ಹಾಗಾದರೆ ಸರಿಯಾಗಿ ಲೆಕ್ಕ ಹಾಕುವುದು ಹೇಗೆ? ಮೊಬೈಲಿನ ಕ್ಯಾಲ್ಕುಲೇಟರ್ ತೆಗೆಯಿರಿ. ವಾರದ ಕೂಲಿಯನ್ನು 52ರಿಂದ ಗುಣಿಸಿದರೆ ವರ್ಷದ್ದು ಬರುತ್ತದೆ. ಅದನ್ನು 12ರಿಂದ ಭಾಗಿಸಿದರೆ ತಿಂಗಳದ್ದು.

`3000 × 52 ÷ 12 = 13000`

ಬಾಯಿಲೆಕ್ಕದಲ್ಲೇ ಬೇಕು ಅನ್ನುವವರಿಗೆ ಇನ್ನೂ ಸುಲಭದ ದಾರಿ ಇದೆ. 52ನ್ನು 12ರಿಂದ ಭಾಗಿಸಿದರೆ ನಾಲ್ಕು ಮತ್ತು ಮೂರನೇ ಒಂದು ಬರುತ್ತದೆ. ಆದ್ದರಿಂದ ನಾಲ್ಕು ವಾರದ ದುಡ್ಡು ಎಣಿಸಿ, ಅದರ ಮೇಲೆ ಒಂದು ವಾರದ ಕೂಲಿಯ ಮೂರನೇ ಒಂದು ಭಾಗ ಇಡಿ. 12,000ದ ಮೇಲೆ 1,000. ಮುಗಿಯಿತು. ಕಟ್ಟುನಿಟ್ಟಾಗಿ ನೋಡಿದರೆ ಇದೂ ಒಂಚೂರು ಕಡಿಮೆಯೇ. 52 ವಾರಕ್ಕೆ 364 ದಿನ, ವರ್ಷಕ್ಕೆ 365. ಆ ಒಂದು ದಿನವನ್ನು ಮಾಲೀಕನ ಕಡೆಗೇ ಬಿಟ್ಟುಕೊಡೋಣ, ಹೋಗಲಿ. ನಾನು ಕೇಳುತ್ತಿರುವುದು ಉಳಿದ 28 ದಿನಗಳ ಲೆಕ್ಕ.

"ಸಾವಿರ ರೂಪಾಯಿಗೆ ಇಷ್ಟು ದೊಡ್ಡ ಗಲಾಟೆಯಾ?" ಅಂತ ಕೇಳುವವರಿಗಾಗಿ ನಮ್ಮ ತಾಲ್ಲೂಕಿನ ಒಂದು ಸಿಮೆಂಟ್ ಇಟ್ಟಿಗೆ ಘಟಕದ ಕತೆ ಹೇಳುತ್ತೇನೆ. ಹೆಸರು ಬೇಡ, ಅಲ್ಲಿ ಇನ್ನೂ ಜನ ಕೆಲಸ ಮಾಡುತ್ತಿದ್ದಾರೆ. ಹದಿನಾಲ್ಕು ಜನ ಆಳುಗಳು. ದಿನಕ್ಕೆ 500, ವಾರಕ್ಕೆ ಆರು ದಿನ, ಶನಿವಾರ ಸಂಜೆ ಬಟವಾಡೆ. ಭಾನುವಾರದ ಸಂತೆಗೆ ಅದೇ ದುಡ್ಡು. ಹೀಗೇ ಎಷ್ಟೋ ವರ್ಷ ನಡೆದಿತ್ತು. ಆಮೇಲೆ ಮಾಲೀಕರಿಗೆ ಪ್ರತಿ ವಾರ ನೋಟು ಎಣಿಸುವುದು ಬೇಸರ ಅನ್ನಿಸಿತು. ಎಲ್ಲರನ್ನೂ ಕರೆದು ಹೇಳಿದರು: "ಇನ್ನು ಮುಂದೆ ನಿಮಗೆಲ್ಲ ತಿಂಗಳ ಸಂಬಳ ಕಣ್ರಪ್ಪಾ. ಹನ್ನೆರಡು ಸಾವಿರ. ಬ್ಯಾಂಕಿಗೇ ಬರುತ್ತೆ."

ಸಂಬಳ ಅನ್ನುವ ಮಾತಿಗೆ ಒಂದು ಮರ್ಯಾದೆ ಇದೆ ನೋಡಿ. ಕೂಲಿಯವರು ಹೋಗಿ ಸಂಬಳದವರಾದರಲ್ಲ ಅಂತ ಮನೆಯವರಿಗೂ ಖುಷಿ. ಒಬ್ಬನಂತೂ ಸಿಹಿ ಹಂಚಿದನಂತೆ. ಯಾರೂ ಒಂದು ಪೈಸೆ ಕಡಿಮೆ ಮಾಡಿದ್ದಾರೆ ಅಂದುಕೊಳ್ಳಲಿಲ್ಲ. ಆದರೆ ವಾರದ ಬಟವಾಡೆಯಲ್ಲಿ ವರ್ಷಕ್ಕೆ 52 ಸಲ 3,000 ಅಂದರೆ 1,56,000 ಕೈಗೆ ಬರುತ್ತಿತ್ತು. ಈಗ 12 ಸಲ 12,000, ಒಟ್ಟು 1,44,000. ತಲೆಗೆ ವರ್ಷಕ್ಕೆ 12,000 ಹೋಯಿತು. ಹದಿನಾಲ್ಕು ಜನರದ್ದು ಸೇರಿಸಿದರೆ 1,68,000. ಕೂಲಿ ಇಳಿಸುತ್ತೇನೆ ಅಂತ ಆ ಮಾಲೀಕರು ನೇರವಾಗಿ ಹೇಳಿದ್ದರೆ ಅವತ್ತೇ ಕೆಲಸ ನಿಲ್ಲುತ್ತಿತ್ತು. ಗುಣಾಕಾರದಲ್ಲಿ ಇಳಿಸಿದ್ದಕ್ಕೆ ಸಿಹಿ ಹಂಚಿದರು.

ಇದು ಬೇಕಂತಲೇ ಮಾಡಿದ್ದೋ ಗೊತ್ತಿಲ್ಲದೆ ಆದದ್ದೋ ಅಂತ ಕೆಲವರು ಕೇಳುತ್ತಾರೆ. ನನಗೆ ಆ ಚರ್ಚೆಯಲ್ಲಿ ಆಸಕ್ತಿ ಇಲ್ಲ. ಗೊತ್ತಿಲ್ಲದೆ ಆದದ್ದೇ ಆಗಿದ್ದರೆ, ಗೊತ್ತಾದ ಮೇಲೆ ವಾಪಸ್ ಕೊಡಬಹುದಲ್ಲ?

ಇಂಥ ಜಾಗದಲ್ಲಿ ಮಾಲೀಕರ ಮುಂದೆ ಇಡಲು ಒಂದು ಗಟ್ಟಿ ಸಾಕ್ಷಿ ಇದೆ, ಅದು 26 ಅನ್ನುವ ಸಂಖ್ಯೆ. ಸರ್ಕಾರದ ಕನಿಷ್ಠ ವೇತನದ ಪಟ್ಟಿ ನೋಡಿದವರಿಗೆ ಗೊತ್ತು, ಅಲ್ಲಿ ತಿಂಗಳ ವೇತನವನ್ನು 26ರಿಂದ ಭಾಗಿಸಿ ದಿನದ್ದು ತೆಗೆಯುತ್ತಾರೆ. ಗ್ರಾಚ್ಯುಟಿ ಲೆಕ್ಕದಲ್ಲೂ 26 ಬರುತ್ತದೆ. ಇದು ಎಲ್ಲಿಂದ ಬಂತು? ವಾರಕ್ಕೆ ಆರು ದಿನದ ಕೆಲಸ. 52 ವಾರಕ್ಕೆ 312 ದಿನ. ಅದನ್ನು 12ರಿಂದ ಭಾಗಿಸಿ ನೋಡಿ, ಸರಿಯಾಗಿ 26 ಬರುತ್ತದೆ. ನಾಲ್ಕು ವಾರದ ಲೆಕ್ಕದಲ್ಲಿ ತಿಂಗಳಿಗೆ 24 ದಿನ ಮಾತ್ರ. ಅಂದರೆ 12,000 ಕೊಡುವವರು ತಿಂಗಳಿಗೆ 24 ದಿನದ ಕೂಲಿ ಕೊಟ್ಟು 26 ದಿನ ದುಡಿಸಿಕೊಳ್ಳುತ್ತಿದ್ದಾರೆ.

ನಿಮ್ಮಲ್ಲೂ ಹೀಗೆ ಆಗಿದೆಯೋ ಅಂತ ತಿಳಿಯಬೇಕಾದರೆ ಒಂದು ದಿನ ರಜೆ ಹಾಕಿದಾಗ ಎಷ್ಟು ಹಿಡಿಯುತ್ತಾರೆ ನೋಡಿ. ಆ ಇಟ್ಟಿಗೆ ಘಟಕದಲ್ಲಿ ಒಂದು ದಿನ ತಪ್ಪಿಸಿದವನಿಗೆ 461 ರೂಪಾಯಿ ಹಿಡಿದರು. ಪಾಪ, ಅವನು "ಐನೂರು ಹಿಡೀಬೇಕಿತ್ತು, ಮಾಲೀಕರು ಒಳ್ಳೆಯವರು, ಕಡಿಮೆ ಹಿಡಿದರು" ಅಂದುಕೊಂಡ. 12,000ವನ್ನು 26ರಿಂದ ಭಾಗಿಸಿದರೆ 461 ಚಿಲ್ಲರೆ. ಕಡಿಮೆ ಹಿಡಿದದ್ದಲ್ಲ ಅದು, ಅವನ ದಿನಗೂಲಿಯೇ 500ರಿಂದ 461ಕ್ಕೆ ಇಳಿದದ್ದು. ಇನ್ನೂ ಕೆಲವು ಕಡೆ ಸಂಬಳ ಕೊಡುವಾಗ 24 ದಿನದ ಲೆಕ್ಕ, ರಜೆ ಹಿಡಿಯುವಾಗ ಹಳೆಯ 500ರ ಲೆಕ್ಕ. ಅದು ಎರಡು ಕಡೆಯಿಂದಲೂ ಕೊಯ್ಯುವ ಗರಗಸ.

ಮಾಲೀಕರ ಕಡೆಯಿಂದ ಬರುವ ಒಂದು ವಾದವನ್ನು ಮಾತ್ರ ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. "ಇವರು 52 ವಾರವೂ ಎಲ್ಲಿ ಬರ್ತಾರೆ? ಜಾತ್ರೆ, ಮದುವೆ, ಬಿತ್ತನೆ, ಜ್ವರ ಅಂತ ವರ್ಷಕ್ಕೆ ಒಂದು ತಿಂಗಳು ಹೋಗೇ ಹೋಗುತ್ತೆ. ನಾಲ್ಕು ವಾರದ ಲೆಕ್ಕದಲ್ಲಿ ಅದು ಸರಿಹೋಯ್ತು ಬಿಡಿ." ಮಾತಿನಲ್ಲಿ ನಿಜ ಇದೆ. ಯಾರೂ 52 ವಾರ ತುಂಬ ದುಡಿಯುವುದಿಲ್ಲ. 46 ವಾರ ದುಡಿದವನಿಗೆ ವರ್ಷಕ್ಕೆ 1,38,000 ಬಂದಿರುತ್ತದೆ, 12ರಿಂದ ಭಾಗಿಸಿದರೆ ತಿಂಗಳಿಗೆ 11,500. ಅವನ ಆದಾಯ 13,000 ಅಂತ ನಾನೂ ಹೇಳುವುದಿಲ್ಲ.

ಆದರೆ ವಾರದ ಬಟವಾಡೆಯಲ್ಲಿ ಬಾರದ ವಾರಕ್ಕೆ ಯಾರೂ ದುಡ್ಡು ಕೊಡುತ್ತಿರಲಿಲ್ಲ. ತಿಂಗಳ ಸಂಬಳವಾದ ಮೇಲೂ ಬಾರದ ದಿನಕ್ಕೆ ಹಿಡಿಯುತ್ತಿದ್ದಾರೆ. ಬಾರದ ದಿನದ್ದು ಹಾಜರಿ ಪುಸ್ತಕದಲ್ಲಿ ಒಂದು ಸಲ ಹೋಯಿತು. ಅದೇ ಕಾರಣ ಹೇಳಿ ಸಂಬಳವನ್ನೇ ಮೊದಲೇ ನಾಲ್ಕು ವಾರಕ್ಕೆ ಇಳಿಸಿದರೆ ಎರಡನೇ ಸಲ ಹೋಯಿತು. ಒಂದು ರಜೆಗೆ ಎರಡು ಸಲ ಹಿಡಿಯುವುದು ಯಾವ ನ್ಯಾಯ? ಅದೂ ರಜೆಯೇ ಹಾಕದವನಿಂದಲೂ ಸೇರಿಸಿ ಹಿಡಿಯುವುದು?

ಇನ್ನೊಂದು ವಾದ ದೀಪಾವಳಿಗೆ ಬರುತ್ತದೆ. "ವರ್ಷಕ್ಕೊಂದು ತಿಂಗಳ ಸಂಬಳ ಬೋನಸ್ ಕೊಡ್ತೀನಲ್ಲ!" ಎಷ್ಟು ಬೋನಸ್? 12,000. ವರ್ಷಕ್ಕೆ ಹಿಡಿದುಕೊಂಡದ್ದು ಎಷ್ಟು? 12,000. ನಿಮ್ಮ ಜೇಬಿನಿಂದ ತೆಗೆದ ನೋಟನ್ನೇ ಸ್ವೀಟ್ ಬಾಕ್ಸ್ ಜತೆ ಕೊಡುತ್ತಿದ್ದಾರೆ, ನೀವು ಕೈಮುಗಿದು ತೆಗೆದುಕೊಳ್ಳುತ್ತಿದ್ದೀರಿ. ವಾಟ್ಸ್ಆ್ಯಪ್‌ನಲ್ಲಿ ಒಂದು ಮೆಸೇಜ್ ಪ್ರತಿ ವರ್ಷ ಹಬ್ಬದ ಹೊತ್ತಿಗೆ ಓಡಾಡುತ್ತದೆ, ಬ್ರಿಟಿಷರ ಕಾಲದಲ್ಲಿ ವಾರದ ಕೂಲಿ ತಿಂಗಳಾದಾಗ ಹದಿಮೂರನೇ ತಿಂಗಳ ದುಡ್ಡಿಗಾಗಿ ಬೋನಸ್ ಹುಟ್ಟಿತು ಅಂತ. ಅದರಲ್ಲಿನ ಇತಿಹಾಸವನ್ನು ಪಕ್ಕಕ್ಕಿಡಿ. ಲೆಕ್ಕ ಮಾತ್ರ ಸರಿ, 52 ವಾರದಲ್ಲಿ ನಾಲ್ಕು ವಾರದ ತಿಂಗಳು ಹದಿಮೂರು ಇರುತ್ತವೆ. ಬೋನಸ್ಸಿಗೆ 1965ರಲ್ಲೇ ಪ್ರತ್ಯೇಕ ಕಾಯ್ದೆ ಆಯಿತು, 2025ರ ನವೆಂಬರ್ ತನಕ ಜಾರಿಯಲ್ಲಿದ್ದ ಅದರಲ್ಲಿ ಕನಿಷ್ಠ ಶೇಕಡ 8.33 ಅಂತ ಬರೆದಿತ್ತು. ಕಾಯ್ದೆ ಅನ್ವಯಿಸುವ ಕಡೆ ಬೋನಸ್ ಕೂಲಿಯ ಮೇಲೆ ಕೊಡಬೇಕಾದದ್ದು. ಕೂಲಿಯಲ್ಲಿ ಮುರಿದುಕೊಂಡದ್ದನ್ನು ಬೋನಸ್ ಅಂತ ಕರೆದರೆ ಬೋನಸ್ ಕೊಟ್ಟಂತೆ ಆಗುವುದಿಲ್ಲ.

ಕೊಡುವಾಗ ನಾಲ್ಕೇ ವಾರ ಅನ್ನುವ ಊರಿನಲ್ಲಿ ವಸೂಲಿ ಮಾಡುವವರ ಲೆಕ್ಕವನ್ನೂ ಒಮ್ಮೆ ನೋಡಿ. ವಾರದ ಕಂತಿನ ಸಾಲ ತೆಗೆದುಕೊಂಡ ಹೆಂಗಸರನ್ನು ಕೇಳಿ. ಐದನೇ ವಾರ ಬಂತು, ಈ ತಿಂಗಳಿಂದು ಆಗಲೇ ನಾಲ್ಕು ಕಟ್ಟಿದ್ದೀರಿ, ಈ ವಾರ ಬೇಡ ಬಿಡಿ ಅಂತ ಹೇಳಿದ ವಸೂಲಿಯವರನ್ನು ಯಾರಾದರೂ ನೋಡಿದ್ದೀರಾ? ಅವರಿಗೆ ವರ್ಷಕ್ಕೆ 52 ವಾರ ಅಂತ ಚೆನ್ನಾಗಿ ಗೊತ್ತು. ವಾರಕ್ಕೆ 700 ಕಂತು ಇರುವ ಮನೆಯಲ್ಲಿ "ತಿಂಗಳಿಗೆ ಎರಡೂ ಎಂಟುನೂರು ಹೋಗುತ್ತೆ" ಅನ್ನುತ್ತಾರೆ. ಹೋಗುವುದು ಸರಾಸರಿ 3,033. ಮೊದಲು ಕೂಲಿಯೂ ವಾರಕ್ಕೆ, ಕಂತೂ ವಾರಕ್ಕೆ ಇತ್ತು, ಐದನೇ ವಾರದ ಕಂತಿಗೆ ಐದನೇ ವಾರದ ಬಟವಾಡೆ ಬರುತ್ತಿತ್ತು. ಈಗ ಮೇ ತಿಂಗಳಲ್ಲೂ ಆಗಸ್ಟ್‌ನಲ್ಲೂ ಸಂಬಳ ಅದೇ 12,000, ಕಂತು ಮಾತ್ರ ಐದು. ಆ 700ಕ್ಕೆ ಮತ್ತೊಂದು ಕೈಸಾಲ. "ಯಾಕೋ ಕೆಲವು ತಿಂಗಳು ದುಡ್ಡು ಸಾಲೋದೇ ಇಲ್ಲ" ಅನ್ನುವ ಮನೆಯವರಿಗೆ ಇದು ಹೊಳೆದಿರುವುದಿಲ್ಲ.

ಇಷ್ಟೂ ಬದುಕಿರುವವರ ಲೆಕ್ಕ. ನಾನು ಈ ಬರಹಕ್ಕೆ ಕೂತದ್ದು ಮುಂದಿನ ಮಾತಿಗಾಗಿ.

ಕೆಲಸದ ಜಾಗದಲ್ಲಿ, ಕೆಲಸದ ಕಾರಣದಿಂದ ಅಪಘಾತವಾಗಿ ಆಳು ಸತ್ತರೆ ಮನೆಯವರಿಗೆ ಪರಿಹಾರ ಸಿಗಬೇಕು ಅಂತ 1923ರಿಂದಲೂ ಕಾಯ್ದೆ ಇದೆ, ನೌಕರರ ಪರಿಹಾರ ಕಾಯ್ದೆ. (ಇಎಸ್‌ಐ ಇರುವವರಿಗೆ ದಾರಿ ಬೇರೆ, ಅವರಿಗೆ ಅಲ್ಲಿಂದ ಪಿಂಚಣಿ ಬರುತ್ತದೆ. ನಮ್ಮ ಕಡೆಯ ಇಟ್ಟಿಗೆ, ಕಲ್ಲು, ಮರದ ಕೆಲಸದವರಲ್ಲಿ ಇಎಸ್‌ಐ ಇರುವವರನ್ನು ಹುಡುಕಬೇಕು.) ಪರಿಹಾರದ ಲೆಕ್ಕ ಹೀಗಿದೆ: ಸತ್ತವರ ತಿಂಗಳ ಕೂಲಿಯಲ್ಲಿ ಅರ್ಧ ತೆಗೆದುಕೊಳ್ಳಬೇಕು, ಅದನ್ನು ಅವರ ವಯಸ್ಸಿಗೆ ಕಾಯ್ದೆಯ ಕೋಷ್ಟಕದಲ್ಲಿ ಕೊಟ್ಟ ಅಂಕಿಯಿಂದ ಗುಣಿಸಬೇಕು. 30 ವರ್ಷಕ್ಕೆ ಆ ಅಂಕಿ 207.98. ವಯಸ್ಸು ಹೆಚ್ಚಾದಂತೆ ಇಳಿಯುತ್ತದೆ, 40ಕ್ಕೆ 184.17. ತಿಂಗಳ ಕೂಲಿ ಎಷ್ಟೇ ಇದ್ದರೂ 15,000ದ ತನಕ ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ, 2020ರ ಜನವರಿಯಿಂದ ಈ ಮಿತಿ ಇದೆ.

ಈಗ ಒಂದು ಉದಾಹರಣೆ. 30 ವರ್ಷದವನು, ವಾರಕ್ಕೆ 3,000 ಬಟವಾಡೆ ಪಡೆಯುತ್ತಿದ್ದವನು ಮಿಕ್ಸರ್‌ಗೆ ಸಿಕ್ಕಿ ತೀರಿಕೊಂಡ ಅಂತ ಇಟ್ಟುಕೊಳ್ಳಿ. ಆಸ್ಪತ್ರೆಯ ಮುಂದೆ ಹೇಳಿಕೆ ಬರೆದುಕೊಳ್ಳುವವರು ಹೆಂಡತಿಯನ್ನು ಕೇಳುತ್ತಾರೆ, "ತಿಂಗಳಿಗೆ ಎಷ್ಟಮ್ಮಾ ದುಡೀತಿದ್ದ?" ಅವಳು ಅಳುತ್ತಲೇ "ಹನ್ನೆರಡು ಸಾವಿರ ಸಾರ್" ಅನ್ನುತ್ತಾಳೆ. ಅದು ಕಾಗದಕ್ಕೆ ಇಳಿಯಿತು. ಅಲ್ಲಿಂದ ದೂರಿಗೆ, ದೂರಿನಿಂದ ಪರಿಹಾರದ ಅರ್ಜಿಗೆ, ಯಾರೂ ಮತ್ತೆ ಕೇಳುವುದಿಲ್ಲ. ವಿಮೆ ಕಂಪನಿ ಇದ್ದರೆ ಅದರ ವಕೀಲರಂತೂ ಆ ಅಂಕಿಯನ್ನು ಬಿಡುವುದೇ ಇಲ್ಲ, ಹೆಂಡತಿಯೇ ಹೇಳಿದ್ದಾಳಲ್ಲ.

12,000ದ ಅರ್ಧ 6,000. ಅದನ್ನು 207.98ರಿಂದ ಗುಣಿಸಿದರೆ 12,47,880 ರೂಪಾಯಿ. 13,000ದ ಅರ್ಧ 6,500. ಗುಣಿಸಿದರೆ 13,51,870. ವ್ಯತ್ಯಾಸ 1,03,990 ರೂಪಾಯಿ.

ಒಂದು ಲಕ್ಷದ ನಾಲ್ಕು ಸಾವಿರಕ್ಕೆ ಹತ್ತು ರೂಪಾಯಿ ಕಡಿಮೆ. ಗಂಡ ಸತ್ತ ಹೆಣ್ಣುಮಗಳಿಗೆ, ಒಂದು ವಾಕ್ಯಕ್ಕೆ, ನಾಲ್ಕರಿಂದ ಗುಣಿಸಿದ ಒಂದು ಗುಣಾಕಾರಕ್ಕೆ. ತಿಂಗಳಿಗೆ ಸಾವಿರ ಅಂದಾಗ ನಕ್ಕವರು ಈಗ ನಗಲಿ ನೋಡೋಣ.

ಕಾಯ್ದೆ ಹೇಗೆ ಹೇಳುತ್ತದೆ ಗೊತ್ತೇ? ನಾಲ್ಕರಿಂದ ಗುಣಿಸಿ ಅಂತ ಅದು ಎಲ್ಲೂ ಹೇಳುವುದಿಲ್ಲ. ಅಪಘಾತಕ್ಕೆ ಮುಂಚೆ ಅದೇ ಮಾಲೀಕರ ಬಳಿ ಹನ್ನೆರಡು ತಿಂಗಳು ಬಿಡದೆ ಕೆಲಸ ಮಾಡಿದ್ದರೆ, ಆ ಹನ್ನೆರಡು ತಿಂಗಳಲ್ಲಿ ಬರಬೇಕಾಗಿದ್ದ ಒಟ್ಟು ಕೂಲಿಯ ಹನ್ನೆರಡನೇ ಒಂದು ಭಾಗವೇ ತಿಂಗಳ ಕೂಲಿ ಅಂತ ಐದನೇ ಸೆಕ್ಷನ್ ಹೇಳುತ್ತದೆ. ಅಂದರೆ ಎಲ್ಲ ಬಟವಾಡೆಗಳನ್ನೂ ಕೂಡಿಸಿ 12ರಿಂದ ಭಾಗಿಸು ಅಂತಲೇ. ನೂರು ವರ್ಷದ ಹಿಂದೆ ಬರೆದವರಿಗೆ ಗೊತ್ತಿದ್ದದ್ದು ನಮಗೆ ಇವತ್ತೂ ಗೊತ್ತಿಲ್ಲ! 2025ರ ನವೆಂಬರ್‌ನಲ್ಲಿ ಈ ಕಾಯ್ದೆಯ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, ಹನ್ನೆರಡನೇ ಒಂದು ಭಾಗದ ಈ ಲೆಕ್ಕ ಅದರಲ್ಲೂ ಉಳಿದಿದೆ.

ಬಿಡದೆ ಅಂದರೆ ಒಂದು ದಿನವೂ ತಪ್ಪದೆ ಅಂತಲ್ಲ. ಒಂದೇ ಸಲ ಹದಿನಾಲ್ಕು ದಿನಕ್ಕಿಂತ ಹೆಚ್ಚು ಬಿಟ್ಟಿರಬಾರದು ಅಂತ. ಹಬ್ಬ, ಜಾತ್ರೆ, ಜ್ವರದ ಎರಡು ಮೂರು ದಿನಗಳಿಂದ ಸೇವೆ ಮುರಿಯುವುದಿಲ್ಲ. ಬಿತ್ತನೆಗೆ ಒಂದು ತಿಂಗಳು ಊರಿಗೆ ಹೋಗಿದ್ದರೆ ಮುರಿಯುತ್ತದೆ. ಆಗ ಏನು ಗತಿ? ಅದಕ್ಕೂ ದಾರಿ ಇದೆ. ಕೊನೆಯದಾಗಿ ಬಿಡದೆ ಕೆಲಸ ಮಾಡಿದ ಅವಧಿಯ ಒಟ್ಟು ಕೂಲಿಯನ್ನು 30ರಿಂದ ಗುಣಿಸಿ, ಆ ಅವಧಿಯ ದಿನಗಳಿಂದ ಭಾಗಿಸಬೇಕು. ಊರಿಂದ ವಾಪಸ್ ಬಂದು ಹತ್ತು ವಾರ ದುಡಿದಿದ್ದ ಅಂತ ಇಟ್ಟುಕೊಳ್ಳಿ. ಹತ್ತು ವಾರಕ್ಕೆ 30,000, ದಿನ 70. ಲೆಕ್ಕ ಹಾಕಿದರೆ ತಿಂಗಳಿಗೆ 12,857 ಬರುತ್ತದೆ. ಇದು 13,000ಕ್ಕಿಂತ ಸ್ವಲ್ಪ ಕಡಿಮೆ, ಆದರೂ 12,000 ಅಲ್ಲ. ಆ ಮನೆಗೆ ಆಗಲೂ 89,000ಕ್ಕಿಂತ ಹೆಚ್ಚು ವ್ಯತ್ಯಾಸ ಬೀಳುತ್ತದೆ. ಕೆಲಸಕ್ಕೆ ಸೇರಿ ಒಂದು ತಿಂಗಳೂ ಆಗದೆ ಸತ್ತಿದ್ದರೆ, ಅದೇ ಮಾಲೀಕರ ಬಳಿ ಅದೇ ಕೆಲಸ ಮಾಡುವ ಇನ್ನೊಬ್ಬನ ಕೂಲಿ ನೋಡುತ್ತಾರೆ, ಅಂಥವನಿಲ್ಲದಿದ್ದರೆ ಆ ಸುತ್ತಿನಲ್ಲಿ ಅದೇ ಕೆಲಸದವನ ಕೂಲಿ. ಯಾವ ದಾರಿಯಲ್ಲಿ ಹೋದರೂ ನಾಲ್ಕರ ಗುಣಾಕಾರ ಮಾತ್ರ ಸಿಗುವುದಿಲ್ಲ.

ಆದ್ದರಿಂದ ಇಂಥ ಹೊತ್ತಿನಲ್ಲಿ ಮನೆಯವರ ಜತೆ ಹೋಗುವವರು, ಅಂದರೆ ಊರಿನ ಯಾರೋ ಓದಿದ ಹುಡುಗನೋ ಪಂಚಾಯಿತಿ ಸದಸ್ಯರೋ ಆಗಿರುತ್ತಾರೆ, ಒಂದು ಕೆಲಸ ಮಾಡಿ. ತಿಂಗಳಿಗೆ ಎಷ್ಟು ಅಂತ ಕೇಳಿದರೆ ತಿಂಗಳದ್ದು ಹೇಳಲೇ ಬೇಡಿ. "ವಾರಕ್ಕೆ ಮೂರು ಸಾವಿರ, ಪ್ರತಿ ಶನಿವಾರ ಬಟವಾಡೆ" ಅಂತಲೇ ಬರೆಸಿ. ಗುಣಾಕಾರವನ್ನು ಆಮೇಲೆ ಕಾಗದ ನೋಡಿ ಮಾಡಬಹುದು. ಹೇಳಿಕೆಯಲ್ಲಿ ಆಗಲೇ 12,000 ಬಿದ್ದಿದ್ದರೆ ಅರ್ಜಿಯಲ್ಲಿ ವಾರದ ಕೂಲಿ ಬರೆದು, ವರ್ಷದ ಬಟವಾಡೆ ಇಷ್ಟು ಅಂತ ಬಿಡಿಸಿ ತೋರಿಸಲು ವಕೀಲರಿಗೆ ಹೇಳಿ.

ಸಾಕ್ಷಿ ಏನು ಅಂದರೆ ಹಾಜರಿ ಪುಸ್ತಕ ಮಾಲೀಕರ ಬಳಿ ಇರುತ್ತದೆ, ಅಪಘಾತದ ಮರುದಿನ ಅದು ಎಲ್ಲಿರುತ್ತದೋ ದೇವರಿಗೇ ಗೊತ್ತು. ನಿಮ್ಮ ಬಳಿ ಇರಬೇಕಾದದ್ದು ನಿಮ್ಮದೇ ಒಂದು ಪಾಕೆಟ್ ಪುಸ್ತಕ. ಶನಿವಾರದ ತಾರೀಖು, ಎಷ್ಟು ದಿನ, ಎಷ್ಟು ದುಡ್ಡು, ಮುಂಗಡದಲ್ಲಿ ಎಷ್ಟು ಮುರಿದುಕೊಂಡರು. ಈ ಮುಂಗಡದ ಮಾತನ್ನು ಮರೆಯಬೇಡಿ. 3,000ದಲ್ಲಿ 500 ಮುಂಗಡಕ್ಕೆ ಮುರಿದು 2,500 ಕೈಗೆ ಕೊಟ್ಟರೂ ಕೂಲಿ 3,000ವೇ, ಕೈಗೆ ಬಂದದ್ದನ್ನಷ್ಟೇ ಬರೆದಿಟ್ಟರೆ ಲೆಕ್ಕ ಅಲ್ಲೇ ಇಳಿಯಿತು. ಫೋನ್‌ಪೇಯಲ್ಲಿ ಹಾಕಿಸಿಕೊಳ್ಳುವವರಿಗೆ ಶನಿವಾರ ಶನಿವಾರ ಬಂದ ಮೆಸೇಜೇ ಸಾಕ್ಷಿ, ಅಳಿಸಬೇಡಿ. ನಮ್ಮಂಥ ಸ್ಟ್ರಿಂಜರ್‌ಗಳಿಗೆ ವಾರವೂ ಇಲ್ಲ ತಿಂಗಳೂ ಇಲ್ಲ, ಸುದ್ದಿಗೆ ಇಷ್ಟು ಅಂತ, ಅದೂ ಬಂದಾಗ ಬಂತು. ನಾವೂ ಬರೆದಿಟ್ಟುಕೊಳ್ಳುತ್ತೇವೆ.

ಇದನ್ನು ಬರೆಯುತ್ತೇನೆ ಅಂದಾಗ ಪರಿಚಯದ ಒಬ್ಬ ಗಾರೆ ಕೆಲಸದವರು ತಡೆದರು. "ಬರೀಬೇಡ ಮಾರಾಯ. ಆಮೇಲೆ ರೇಷನ್ ಕಾರ್ಡಿನವರೂ 52ರ ಲೆಕ್ಕ ಹಿಡಿದರೆ?" ಅವರ ಭಯ ಸುಳ್ಳಲ್ಲ. ಬಿಪಿಎಲ್ ಕಾರ್ಡಿಗೆ ನಮ್ಮಲ್ಲಿ ವರ್ಷದ ಆದಾಯ 1,20,000ದ ಒಳಗಿರಬೇಕು. ವಾರಕ್ಕೆ 2,400 ದುಡಿಯುವವರಿಗೆ ನಾಲ್ಕು ವಾರದ ಲೆಕ್ಕದಲ್ಲಿ ವರ್ಷಕ್ಕೆ 1,15,200, ಒಳಗೆ ಬರುತ್ತಾರೆ. 52 ವಾರಕ್ಕೆ 1,24,800, ಹೊರಗೆ ಹೋಗುತ್ತಾರೆ.

ಅವರಿಗೆ ನಾನು ಹೇಳಿದ್ದು ಇಷ್ಟೇ. ಆದಾಯ ಪ್ರಮಾಣಪತ್ರಕ್ಕೆ ಬೇಕಾದದ್ದು ವರ್ಷಕ್ಕೆ ನಿಜವಾಗಿ ಬಂದ ದುಡ್ಡು. ಮಳೆಗಾಲದಲ್ಲಿ ಗಾರೆ ಕೆಲಸ ನಿಂತು 44 ವಾರ ದುಡಿದಿದ್ದರೆ 1,05,600 ಅಂತ ಬರೆಯಿರಿ, ಅದು ಸತ್ಯ. 52ರ ಲೆಕ್ಕ 52 ವಾರ ಬಟವಾಡೆ ಆದವರಿಗೆ. ಪೂರ್ತಿ ವರ್ಷ ದುಡಿದೂ ತಿಂಗಳಿಗೆ ಹತ್ತು ಸಾವಿರ ಚಿಲ್ಲರೆ ದಾಟಿದ ತಕ್ಷಣ ಬಡವರಲ್ಲ ಅನ್ನುವ ಮಿತಿಯೇ ಕೆಟ್ಟದ್ದು ಅಂದರೆ ನಾನೂ ಒಪ್ಪುತ್ತೇನೆ, ಅದನ್ನು ಇನ್ನೊಂದು ದಿನ ಬರೆಯುತ್ತೇನೆ. ಆದರೆ ಆ ಮಿತಿಯ ಭಯಕ್ಕೆ ಮಾಲೀಕರ ಮುಂದೆಯೂ ಪರಿಹಾರದ ಅರ್ಜಿಯಲ್ಲೂ ನಾಲ್ಕೇ ವಾರ ಅಂತ ಒಪ್ಪಿಕೊಳ್ಳುವುದು, ಮಳೆ ಸೋರುತ್ತದೆ ಅಂತ ಮನೆಯ ಹೆಂಚನ್ನೇ ಮಾರಿಕೊಂಡಂತೆ. ಅವರಿಗೆ ಪೂರ್ತಿ ಸಮಾಧಾನ ಆಗಲಿಲ್ಲ.

ಇಟ್ಟಿಗೆ ಘಟಕದ ಮಾತಿಗೆ ಬಂದರೆ, ಅಲ್ಲಿನ ಇಬ್ಬರು ಕ್ಯಾಲೆಂಡರ್ ಹಿಡಿದುಕೊಂಡೇ ಮಾಲೀಕರ ಬಳಿ ಹೋದರು. ಜಗಳ ಏನೂ ಮಾಡಲಿಲ್ಲ. ಐದು ಶನಿವಾರ ಇರುವ ತಿಂಗಳುಗಳಿಗೆ ಪೆನ್ನಿನಲ್ಲಿ ಸುತ್ತು ಹಾಕಿ ಮೇಜಿನ ಮೇಲೆ ಇಟ್ಟರು, "ಇವಕ್ಕೆ ಏನು ಕೊಡ್ತೀರಾ ಸ್ವಾಮಿ?" ಅಂತ ಕೇಳಿದರು. ಮಾಲೀಕರು ಮೊದಲು ಬೋನಸ್ ಅಂದರು, ಆಮೇಲೆ ವ್ಯಾಪಾರ ಇಲ್ಲ ಅಂದರು, ಕೊನೆಗೆ ತಿಂಗಳಿಗೆ 12,500 ಮಾಡಿದರು. ವರ್ಷಕ್ಕೆ ಅದು 1,50,000. ನಾಲ್ಕು ಬಟವಾಡೆಯಲ್ಲಿ ಎರಡು ವಾಪಸ್ ಬಂತು, ತಲೆಗೆ ಇನ್ನೂ 6,000 ಬರಬೇಕು. ಹದಿನಾಲ್ಕು ಜನರಲ್ಲಿ ಒಂಬತ್ತು ಜನ "ಇಷ್ಟು ಸಾಕು ಬಿಡು" ಅನ್ನುತ್ತಿದ್ದಾರೆ. ಐದು ಜನ ಮತ್ತೆ ವಾರದ ಬಟವಾಡೆಯೇ ಕೊಡಿ ಅಂತ ಕೇಳಿದ್ದಾರೆ, ಉತ್ತರ ಇನ್ನೂ ಬಂದಿಲ್ಲ.